ಲಗ್ನಪತ್ರಿಕೆಯ ಆ ಒಂದು ಸಾಲು: ಕನ್ನಡದ ಬೀಗರಿಗೂ ತಮಿಳಿನ ಬೀಗರಿಗೂ

ಪತ್ರಿಕೆಯ ಬಾಕಿ ಎಲ್ಲಾ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಮೇಲೆ ಮನೆದೇವರು ಪ್ರಸನ್ನ, ಆಮೇಲೆ ಅಪ್ಪ ಅಮ್ಮನ ಹೆಸರು, ಚಿ.ರಾ., ಚಿ.ಕುಂ.ಸೌ., ಮುಹೂರ್ತ, ಛತ್ರ, ಆರತಕ್ಷತೆ, ಕೊನೆಗೆ ತಮ್ಮ ಸುಖಾಗಮನ ಬಯಸುವವರು. ಇದಕ್ಕೆಲ್ಲ ಪ್ರೆಸ್‌ನವರ ಹತ್ತಿರ ಹಳೇ ಮಾದರಿ ಇರುತ್ತದೆ, ಹೆಸರು ಬದಲಾಯಿಸಿದರೆ ಆಯ್ತು. ಕಷ್ಟ ಶುರುವಾಗುವುದು ಹುಡುಗ ಹುಡುಗಿ "ನಮ್ಮದೂ ಒಂದು ಸಾಲು ಇರಲಿ" ಅಂದಾಗ. ಅದೂ ಒಬ್ಬರ ಮನೆ ಮಾತು ಕನ್ನಡ, ಇನ್ನೊಬ್ಬರದು ತಮಿಳು ಆಗಿದ್ದರೆ ಆ ಒಂದು ಸಾಲಿಗೆ ಮೂರು ವಾರ ಹಿಡಿಯುತ್ತದೆ.

ನಾನು ಮೈಸೂರಿನಲ್ಲಿ ಪತ್ರಿಕೆಗಳ ಪ್ರೂಫ್ ನೋಡಿಕೊಡುತ್ತೇನೆ. ಅಮ್ಮನ ತವರು ಕೊಳ್ಳೇಗಾಲ. 1956ರ ತನಕ ಅದು ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಅಜ್ಜಿ ತಮಿಳನ್ನೇ ಓದಿ ಬೆಳೆದವರು, ಅವರಿಂದ ನನಗೂ ಒಂದಷ್ಟು ಬಂತು. ಹಾಗಾಗಿ ಕನ್ನಡ-ತಮಿಳು ಪತ್ರಿಕೆ ಅಂದರೆ ಗೊತ್ತಿದ್ದವರೆಲ್ಲ ನನ್ನ ಕಡೆ ಕೈ ತೋರಿಸುತ್ತಾರೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅನುವಾದ ಮಾಡಿಸೋದಾ, ಸಂಸ್ಕೃತ ಹಾಕೋದಾ, ಹಾಡಿನ ಸಾಲು ಸಾಕಾ, ಬೇರೆ ಬೇರೆ ಸಾಲು ಬರೆಯೋದಾ? ಇಂಗ್ಲಿಷ್ ಪತ್ರಿಕೆಯ ವಿಷಯ ಇಲ್ಲಿ ಎತ್ತುವುದಿಲ್ಲ, ಅದರ ಗೋಳೇ ಬೇರೆ.

ಮೊದಲು ತೂಗಬೇಕಾದ್ದು

ಮೊದಲನೆಯದು, ಸಾಲು ಯಾರ ಬಾಯಲ್ಲಿ ಬರುತ್ತಿದೆ ಅನ್ನುವುದು. ನಮ್ಮ ಪತ್ರಿಕೆಯಲ್ಲಿ ಮಾತಾಡುವವರು ಅಪ್ಪ ಅಮ್ಮ. "ಶ್ರೀಮತಿ ಮತ್ತು ಶ್ರೀ ಇಂಥವರು ಮಾಡುವ ವಿಜ್ಞಾಪನೆಗಳು" ಅಂತಲೇ ಶುರುವಾಗುವುದು. ಅದರ ಮಧ್ಯೆ "ನೀನಿಲ್ಲದೆ ನಾನಿಲ್ಲ" ಅಂತ ತುರುಕಿದರೆ ಹುಡುಗಿಯ ಅಪ್ಪ ಅದನ್ನು ಯಾರಿಗೋ ಹೇಳಿದ ಹಾಗೆ ಓದಿಕೊಳ್ಳುತ್ತದೆ. ನಾನು ಇಂಥದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಪತ್ರಿಕೆ ಹಂಚಿದ ಊರಲ್ಲಿ ಆ ಯಜಮಾನರನ್ನು ಇವತ್ತಿಗೂ ರೇಗಿಸುತ್ತಾರೆ. ಹುಡುಗ ಹುಡುಗಿಯ ಸಾಲು ಅಂದರೆ ಅದಕ್ಕೆ ಬೇರೆ ಜಾಗ ಬೇಕು, ಮುಖಪುಟದಲ್ಲೋ, ಇಬ್ಬರ ಹೆಸರಿನ ಕೆಳಗೋ, ಆರತಕ್ಷತೆಯ ಪುಟದಲ್ಲೋ. ವಿಜ್ಞಾಪನೆಯ ಒಳಗಂತೂ ಬೇಡ.

ಎರಡನೆಯದು, ಗಟ್ಟಿಯಾಗಿ ಓದಿದರೆ ಹೇಗಿರುತ್ತದೆ ಅನ್ನುವುದು. ಮಂಡ್ಯ ಕಡೆ ಹಳ್ಳಿಗಳಲ್ಲಿ ಪತ್ರಿಕೆಯನ್ನು ಕೈಯಲ್ಲಿ ಕೊಟ್ಟು ಕುಂಕುಮ ಇಟ್ಟು ಕರೆದು ಬಂದ ಮೇಲೆ, ಜಗಲಿ ಮೇಲೆ ಕೂತ ಅಜ್ಜಿಗೆ ಮೊಮ್ಮಗನೊಬ್ಬ ಓದಿ ಹೇಳುತ್ತಾನೆ. ಆ ಹುಡುಗ ಎಲ್ಲಿ ತಡವರಿಸುತ್ತಾನೆ, ಎಲ್ಲಿ ನಗುತ್ತಾನೆ ಅಂತ ಯೋಚಿಸಿ. "ನಿನ್ನ ತುಟಿಯ ನಗು" ಅನ್ನುವ ಸಾಲನ್ನು ಅಜ್ಜಿ ಮುಂದೆ ಓದಲು ಅವನಿಗೆ ಬಾಯಿ ಬರುವುದಿಲ್ಲ.

ಮೂರನೆಯದು ಬಿಸಿ. ಇದು ಜಾಸ್ತಿ ಜನಕ್ಕೆ ಗೊತ್ತಾಗದೆ ಇರುವ ವಿಷಯ. ಕನ್ನಡದಲ್ಲಿ "ಪ್ರೀತಿ" ಅಂದರೆ ತಾಯಿಗೂ ಹೊಂದುತ್ತದೆ, ನಾಯಿಮರಿಗೂ ಹೊಂದುತ್ತದೆ, ಹುಡುಗ ಹುಡುಗಿಗೂ ಹೊಂದುತ್ತದೆ. ತಮಿಳಿನಲ್ಲಿ ಅದು ಎರಡು ಪದ. "ಅನ್ಬು" ಅಂದರೆ ಅಕ್ಕರೆ, "ಕಾದಲ್" ಅಂದರೆ ಹುಡುಗ ಹುಡುಗಿಯ ಪ್ರೇಮ. ಕನ್ನಡದ ಪತ್ರಿಕೆಯಲ್ಲಿ "ನಮ್ಮ ಪ್ರೀತಿಗೆ ನಿಮ್ಮ ಹಾರೈಕೆ" ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅದನ್ನೇ ಯಾರೋ "ಕಾದಲ್" ಅಂತ ತಮಿಳು ಮಾಡಿದರೆ ಆ ಕಡೆಯ ಹಿರಿಯರಿಗೆ "ಇದು ಲವ್ ಮ್ಯಾರೇಜು" ಅಂತ ಮೈಕಿನಲ್ಲಿ ಸಾರಿದ ಹಾಗೆ ಕೇಳುತ್ತದೆ. ಲವ್ ಮ್ಯಾರೇಜೇ ಇರಬಹುದು, ಆದರೆ ಹುಡುಗನ ಅಮ್ಮ ಅದನ್ನು ನೆಂಟರಿಗೆಲ್ಲ ಹೇಳಿರಬೇಕಲ್ಲ! "ಅನ್ಬು" ಹಾಕಿದರೆ ಬಿಸಿ ಸರಿಹೋಗುತ್ತದೆ.

ನಾಲ್ಕನೆಯದು, ಯಾರಿಗಾದರೂ ಚುಚ್ಚುತ್ತದಾ ಅಂತ. ಮಂಡ್ಯದವರಿಗೂ ತಮಿಳುನಾಡಿನವರಿಗೂ ನಡುವೆ ಏನಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಒಂದೇ ಸಾಲು, ಎರಡು ಭಾಷೆ

ಎಲ್ಲರೂ ಮೊದಲು ಹಿಡಿಯುವ ದಾರಿ ಇದು. ಕನ್ನಡದಲ್ಲಿ ಬರೆದು ತಮಿಳಿಗೆ ತರಿಸುವುದು. ಒಳ್ಳೆಯದೇನೆಂದರೆ ಎರಡೂ ಮನೆಯವರು ಒಂದೇ ಮಾತು ಓದುತ್ತಾರೆ, ನಿಮಗೆ ಒಂದು ನಮಗೆ ಒಂದು ಅನ್ನುವ ಅನುಮಾನ ಹುಟ್ಟುವುದಿಲ್ಲ. ಕನ್ನಡ ತಮಿಳು ಅಕ್ಕತಂಗಿ ಭಾಷೆಗಳಾದ್ದರಿಂದ ವಾಕ್ಯದ ಓಟವೂ ಹತ್ತಿರ ಹತ್ತಿರ ಕೂರುತ್ತದೆ. ಆದರೆ ಅಕ್ಕತಂಗಿಯರೇ ತಾನೇ ಜಾಸ್ತಿ ಜಗಳ ಆಡೋದು!

ಒಬ್ಬರು "ಪುಟ್ಟದೊಂದು ಮನೆ, ಅದರೊಳಗೆ ನಾವಿಬ್ಬರು" ಅಂತ ಬರೆದುಕೊಂಡು ಬಂದಿದ್ದರು. ಕನ್ನಡಕ್ಕೆ ಮುದ್ದಾಗಿದೆ. ಅದಕ್ಕೆ ಅವರ ಗೆಳೆಯ ಮಾಡಿಕೊಟ್ಟ ತಮಿಳಿನಲ್ಲಿ "ಚಿನ್ನ ವೀಡು" ಅಂತಿತ್ತು. ಪದಕ್ಕೆ ಪದ ಸರಿ, ಚಿಕ್ಕ ಮನೆ. ಆದರೆ ತಮಿಳಿನಲ್ಲಿ "ಚಿನ್ನ ವೀಡು" ಅಂದರೆ ಕಟ್ಟಿಕೊಂಡ ಹೆಂಡತಿ ಇರುವಾಗ ಇಟ್ಟುಕೊಂಡ ಇನ್ನೊಂದು ಮನೆ. ಮದುವೆ ಪತ್ರಿಕೆಯ ಮುಖಪುಟದಲ್ಲಿ! ಪ್ರೂಫ್‌ನಲ್ಲೇ ಸಿಕ್ಕಿತು, ಪುಣ್ಯ. ಇಂಥದ್ದನ್ನು ನಿಘಂಟು ನೋಡಿ ಹಿಡಿಯುವುದು ಕಷ್ಟ, ಮನೆಯಲ್ಲಿ ತಮಿಳು ಮಾತಾಡುವ ಒಬ್ಬರು ನಕ್ಕರೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಎಡವಟ್ಟು "ನಾವು". ನಮಗೆ ಒಂದೇ "ನಾವು". ತಮಿಳಿನಲ್ಲಿ "ನಾಮ್" ಅಂದರೆ ಓದುವವರೂ ಸೇರಿದ ನಾವು, "ನಾಂಗಳ್" ಅಂದರೆ ಓದುವವರನ್ನು ಬಿಟ್ಟು ನಾವು. ಹುಡುಗ ಹುಡುಗಿ "ನಾವಿಬ್ಬರು" ಅನ್ನುವಾಗ "ನಾಂಗಳ್" ಬೇಕು. ಎರಡು ಮನೆಯವರೂ ಇನ್ನು ಒಂದೇ ಅನ್ನುವಾಗ "ನಾಮ್" ಬೇಕು. ತಪ್ಪಿ ಇಲ್ಲಿ "ನಾಂಗಳ್" ಬಿದ್ದರೆ ಬೀಗರನ್ನು ಹೊರಗೆ ನಿಲ್ಲಿಸಿದ ಹಾಗೆ ಆಗುತ್ತದೆ. ಇದಕ್ಕೆ ಸುಲಭದ ಉಪಾಯ ಇದೆ. ಸರ್ವನಾಮವನ್ನೇ ಬಿಡಿ. ತಮಿಳಿನ ಕ್ರಿಯಾಪದದ ಕೊನೆಯ "ಓಂ" ಎರಡೂ ನಾವುಗಳಿಗೆ ಒಂದೇ, ಕನ್ನಡದ "ಎವು", "ಏವೆ" ಇದ್ದ ಹಾಗೆ.

ಸಂಸ್ಕೃತದ ಸಾಲು

ಭಾಷೆಯ ತಂಟೆಯೇ ಬೇಡ ಅನ್ನುವವರಿಗೆ ಇದು. ಸಪ್ತಪದಿಯ "ಸಖಾ ಸಪ್ತಪದೀ ಭವ" ಜಾಸ್ತಿ ಬಳಕೆಯಲ್ಲಿದೆ. ಏಳು ಹೆಜ್ಜೆ ನಡೆದು ಗೆಳತನಕ್ಕೆ ಬರುವ ಮಾತು. ನನಗೆ ಇದು ಇಷ್ಟ, ಯಾಕೆಂದರೆ ಸದ್ದಿಲ್ಲದ ಒಲವು ಅದರಲ್ಲಿದೆ. ಹಿರಿಯರಿಗೆ ಮಂತ್ರ, ಜೋಡಿಗೆ ಒಲವು, ಓದುವ ಹುಡುಗನಿಗೂ ಮುಜುಗರ ಇಲ್ಲ.

ಇದರಲ್ಲಿ ಎರಡು ತೊಡಕು. ತಮಿಳು ಲಿಪಿಯಲ್ಲಿ ಖ, ಭ ಇಲ್ಲ. ಹಾಗೇ ಬರೆದರೆ "ಸಕಾ ಸಪ್ತಪದೀ ಪವ" ಅಂತ ಓದಿಕೊಳ್ಳಬೇಕಾಗುತ್ತದೆ. ಎರಡನೆಯದು, ತಮಿಳು ಮನೆಗಳಲ್ಲಿ ಕೆಲವರಿಗೆ ಪತ್ರಿಕೆಯಲ್ಲಿ ಸಂಸ್ಕೃತವೇ ಹಿಡಿಸುವುದಿಲ್ಲ, ಅವರದು ಶುದ್ಧ ತಮಿಳೇ ಬೇಕು ಅನ್ನುವ ಮನೆ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಮದುವೆ ಅಂದರೆ ಧಾರೆ ಅಷ್ಟೇ, ಸಪ್ತಪದಿ ಮಾಡಿಸುವುದೇ ಇಲ್ಲ. ಮಾಡದ ಶಾಸ್ತ್ರದ ಮಂತ್ರವನ್ನು ಪತ್ರಿಕೆ ಮೇಲೆ ಹಾಕಿದರೆ ಪುರೋಹಿತರೇ ಕೇಳುತ್ತಾರೆ. ಎರಡೂ ಮನೆಯಲ್ಲಿ ಸಪ್ತಪದಿ ಇದೆ, ಎರಡೂ ಮನೆಗೆ ಸಂಸ್ಕೃತ ಹತ್ತಿರ ಅನ್ನುವುದಾದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಮೇಲುಕೋಟೆ ಕಡೆಯ ಅಯ್ಯಂಗಾರ್ ಮನೆಗಳಿಗೆ ಎಷ್ಟೋ ಸಲ ಇದನ್ನೇ ಹೇಳಿದ್ದೇನೆ. ಅವರ ಮನೆ ಮಾತು ಮೊದಲೇ ತಮಿಳಿನ ಒಂದು ಬಗೆ.

ಹಾಡಿನ ಸಾಲು, ಕವಿಯ ಸಾಲು

ಇದರ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಹಾಡು ಒಂದು ಮನೆಗೆ ಮಾತ್ರ ಗೊತ್ತಿರುತ್ತದೆ. ಇನ್ನೊಂದು ಮನೆಗೆ ಅದು ರಾಗ ಇಲ್ಲದ ಬರೀ ಪದ. ಅನುವಾದ ಮಾಡಿದರೆ ರಾಗವೂ ಹೋಯ್ತು, ಪ್ರಾಸವೂ ಹೋಯ್ತು. ಇನ್ನೊಂದು, ಪಲ್ಲವಿ ಚೆನ್ನಾಗಿದೆ ಅಂತ ತೆಗೆದುಕೊಳ್ಳುವವರು ಚರಣ ಓದಿರುವುದಿಲ್ಲ. ಅಗಲಿಕೆಯ ಹಾಡಿನ ಪಲ್ಲವಿಯನ್ನು ಮದುವೆ ಪತ್ರಿಕೆಗೆ ಹಾಕಿ, ಆಮೇಲೆ ಯಾರೋ ಚಿಕ್ಕಪ್ಪ "ಈ ಹಾಡಲ್ಲಿ ಹುಡುಗ ಸಾಯ್ತಾನಲ್ಲ" ಅಂದಾಗ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ತಮಿಳು ಕಡೆಯವರು ಪತ್ರಿಕೆಯ ತಲೆಯಲ್ಲಿ ತಿರುಕ್ಕುರಳ್‌ನ ಒಂದು ದ್ವಿಪದಿ ಹಾಕುವುದುಂಟು. ಅದು ಬೇಕು ಅಂದರೆ ಬೇಡ ಅನ್ನಬೇಡಿ, ನಮ್ಮ ಮನೆದೇವರ ಸಾಲಿನ ಪಕ್ಕ ಇರಲಿ. ಅದು ಹಿರಿಯರ ಮಾತು, ಜೋಡಿಯ ಸಾಲಿನ ಲೆಕ್ಕಕ್ಕೆ ಬರುವುದಿಲ್ಲ.

ಎರಡು ಬೇರೆ ಸಾಲು

ಕನ್ನಡಕ್ಕೆ ಕನ್ನಡದ್ದೇ ಒಂದು, ತಮಿಳಿಗೆ ತಮಿಳಿನದ್ದೇ ಒಂದು. ಇಲ್ಲಿ ಭಾಷೆಗೆ ಬೇಕಾದಷ್ಟು ಸ್ವಾತಂತ್ರ್ಯ. ಮನೆ ಮಾತಿನ ಚಮತ್ಕಾರ ಹಾಕಬಹುದು. ಒಬ್ಬ ಹುಡುಗಿ "ಎರಡು ಮನೆಗೂ ಇನ್ನು ಬೀಗ ಇಲ್ಲ, ಬೀಗರಿದ್ದಾರೆ" ಅಂತ ಬರೆದಿದ್ದಳು. ಎಷ್ಟು ಚೆನ್ನಾಗಿದೆ ನೋಡಿ! ತಮಿಳಿಗೆ ತಂದರೆ ಸತ್ತೇಹೋಗುತ್ತದೆ, ಅಲ್ಲಿ ಬೀಗ "ಪೂಟ್ಟು", ಬೀಗರು "ಸಂಬಂದಿ". ಅಂಥ ಸಾಲು ಕೈಬಿಡಲು ಮನಸ್ಸಿಲ್ಲ ಅಂದರೆ ತಮಿಳು ಪುಟಕ್ಕೆ ಬೇರೆಯದೇ ಬರೆಸಿ.

ಅಪಾಯ ಏನೆಂದರೆ, ಎರಡೂ ಓದಬಲ್ಲ ಒಬ್ಬ ನೆಂಟ ಎಲ್ಲ ಮದುವೆಯಲ್ಲೂ ಇರುತ್ತಾನೆ. "ನಿಮಗೆ ಹೀಗೆ ಬರೆದಿದ್ದಾರೆ, ನಮಗೆ ಬರೀ ಇಷ್ಟೇ" ಅಂತ ಅವನೇ ಹಚ್ಚಿಕೊಡುವುದು. ಒಂದು ಪುಟದಲ್ಲಿ ನಗು, ಇನ್ನೊಂದರಲ್ಲಿ ಬರೀ ಗಾಂಭೀರ್ಯ ಇದ್ದರೆ ತೂಕ ತಪ್ಪಿದಂತೆಯೇ. ಎರಡಕ್ಕೂ ಒಂದೇ ಚಿತ್ರ ಇಟ್ಟುಕೊಂಡು, ಅಂದರೆ ದೀಪವೋ ಹೊಳೆಯೋ ಅಂಗಳವೋ, ಮಾತು ಮಾತ್ರ ಬೇರೆ ಮಾಡಿದರೆ ನಡೆಯುತ್ತದೆ.

ಸಾಲಿನ ಮೊದಲರ್ಧ ಕನ್ನಡ, ಉಳಿದರ್ಧ ತಮಿಳು ಅನ್ನುವವರೂ ಬರುತ್ತಾರೆ. ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಚಿತ್ರಕ್ಕೆ ಮಜವಾಗಿರುತ್ತದೆ. ಮನೆ ಮನೆಗೆ ಹಂಚುವ ಪತ್ರಿಕೆಗೆ ಬೇಡ, ಎರಡೂ ಕಡೆಯ ಅಜ್ಜಿಯರಿಗೆ ಅರ್ಧರ್ಧ ಸಾಲೇ ಸಿಗುವುದು.

ನಮ್ಮ ಮನೆಯ ಸಾಲು ಹೇಗಾಯ್ತು

ಚಿಕ್ಕಪ್ಪನ ಮಗಳ ಮದುವೆ. ಅವರ ಊರು ಶ್ರೀರಂಗಪಟ್ಟಣದ ಪಕ್ಕ. ಹುಡುಗನದು ತಿರುಚ್ಚಿಯ ಶ್ರೀರಂಗಂ. ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ಶ್ರೀರಂಗಂ ಅಂತ್ಯರಂಗ. ಮೂರೂ ಕಾವೇರಿಯ ನಡುಗಡ್ಡೆ, ಮೂರರಲ್ಲೂ ಮಲಗಿದ ರಂಗನಾಥ. ಇಂಥ ಜೋಡಿಗೆ ಸಾಲು ಹುಡುಕುವುದು ಏನು ಕಷ್ಟ ಅಂದುಕೊಂಡು ತಂಗಿ ಖುಷಿಯಲ್ಲಿ ಬರೆದೇಬಿಟ್ಟಳು:

"ಕಾವೇರಿ ಹರಿದ ದಾರಿಯಲ್ಲೇ ನಾನೂ ಹೊರಟೆ, ನಿನ್ನೂರಿಗೆ."

ಓದಿದರೆ ಎದೆ ತಣ್ಣಗಾಗುತ್ತದೆ. ಆದರೆ ನಮ್ಮ ದೊಡ್ಡಪ್ಪ 2016ರ ಸೆಪ್ಟೆಂಬರ್‌ನಲ್ಲಿ ನೀರಿಗಾಗಿ ಹೆದ್ದಾರಿಯಲ್ಲಿ ಕೂತವರು. ಕನ್ನಡಕ ಹಾಕಿಕೊಂಡು ಒಂದು ಸಲ ಓದಿದರು. "ನೀರೂ ಅವ್ರಿಗೇಯ, ಹೆಣ್ಣೂ ಅವ್ರಿಗೇಯ? ಚೆಂದಾಗದೆ ಕಣ್ ಬುಡು" ಅಂದು ಚೀಟಿ ವಾಪಸ್ ಕೊಟ್ಟರು. ಮನೆಯೆಲ್ಲ ನಕ್ಕಿತು, ಸಾಲು ಮಾತ್ರ ಅಲ್ಲೇ ಬಿತ್ತು. ಫೋನಿನಲ್ಲಿ ಹುಡುಗನಿಗೆ ಹೇಳಿದರೆ ಅವನು, "ನಮ್ಮ ಮಾಮ ಓದಿದರೆ ಹುಡುಗಿ ಬಂದಳು, ನೀರೆಲ್ಲಿ ಅಂತ ಕೇಳುತ್ತಾರೆ" ಅಂದನಂತೆ.

ಹಾಗಂತ ಕಾವೇರಿಯನ್ನೇ ಬಿಡೋಣ ಅನ್ನಿಸಲಿಲ್ಲ ನನಗೆ. ಕೆಆರ್‌ಎಸ್ ತುಂಬಿದರೆ ನಾವು ಬಾಗಿನ ಬಿಡುತ್ತೇವೆ. ಆ ಕಡೆ ಆಡಿ ತಿಂಗಳ 18ನೇ ದಿನ ಆಡಿಪೆರುಕ್ಕು, ಮನೆಮಂದಿಯೆಲ್ಲ ಹೊಳೆ ಹತ್ತಿರ ಹೋಗಿ ಪೂಜೆ ಮಾಡುತ್ತಾರೆ. ಎರಡೂ ಮನೆಗೆ ಅವಳು ತಾಯಿ. ತೊಂದರೆ ಇದ್ದದ್ದು ಹೊಳೆಯಲ್ಲಲ್ಲ, "ಹರಿದು ಹೋಗುವ" ಕ್ರಿಯಾಪದದಲ್ಲಿ. ಹರಿಯುವುದು ಅಂದ ತಕ್ಷಣ ಕೊಡುವವರು ತೆಗೆದುಕೊಳ್ಳುವವರು ಬಂದರು, ಲೆಕ್ಕ ಬಂತು. ಆದ್ದರಿಂದ ಹೊಳೆ ಇರಲಿ, ಹರಿಯುವುದು ಬೇಡ ಅಂತ ತೀರ್ಮಾನ ಆಯಿತು.

ಎರಡನೇ ಸಲ "ಒಂದೇ ಹೊಳೆಯ ಎರಡು ದಡ" ಅಂತ ಬಂತು. ನಾನೇ ಹೊಡೆದುಹಾಕಿದೆ. ದಡಗಳು ಯಾವತ್ತೂ ಸೇರುವುದಿಲ್ಲವಲ್ಲ, ಮಾರಾಯ್ತಿ. ಮೂರನೇ ಸಲ "ಒಂದೇ ಹೊಳೆಯ ನೀರು ಕುಡಿದು ಬೆಳೆದೆವು". ದೊಡ್ಡಪ್ಪ ಕೂತಲ್ಲಿಂದಲೇ, "ಯಾರು ಎಷ್ಟು ಕುಡುದ್ರು ಅಂತ ಬರೀಬೇಕಾಯ್ತದೆ ಆಮೇಲೆ" ಅಂದರು.

ನಾಲ್ಕನೆಯದು ಸುಮಾರಾಗಿ ಕೂತಿತು: "ಇಬ್ಬರ ಊರಿಗೂ ಒಂದೇ ಹೊಳೆ, ಇನ್ನು ಇಬ್ಬರಿಗೂ ಒಂದೇ ಮನೆ." ಇದನ್ನು ತಮಿಳಿಗೆ ತಂದರೆ ಪದಗಳು ತಾವಾಗಿಯೇ ಜೋಡಿಯಾದವು. "ಇರುವರ್ ಊರುಕ್ಕುಂ ಒರೇ ಆರು, ಇನಿ ಇರುವರುಕ್ಕುಂ ಒರೇ ವೀಡು." ನಮ್ಮ "ಊರಿಗೂ" ಅವರ "ಊರುಕ್ಕುಂ", ನಮ್ಮ "ಇನ್ನು" ಅವರ "ಇನಿ". ಸರ್ವನಾಮ ಇಲ್ಲ, ಹಾಗಾಗಿ ನಾಮ್, ನಾಂಗಳ್ ರಗಳೆಯೂ ಇಲ್ಲ. ಕಾವೇರಿ ಅನ್ನುವ ಹೆಸರನ್ನೂ ಬೇಕೆಂದೇ ಬಿಟ್ಟೆವು. ನಮ್ಮ ಕಡೆ ಹೊಳೆ ಅಂದರೆ ಅದೊಂದೇ, ಅಲ್ವಾ?

ಆದರೂ ಒಂದು ಎಡವಟ್ಟು ಉಳಿದಿತ್ತು, ಅದನ್ನು ಹಿಡಿದವರು ಹುಡುಗನ ಅಮ್ಮ. "ಇಬ್ಬರಿಗೂ ಒಂದೇ ಮನೆ" ಅನ್ನುವುದು ಅವರಿಗೆ "ಇವರಿಬ್ಬರದೇ ಒಂದು ಮನೆ" ಅಂತ ಕೇಳಿಸಿತು. ತಮಿಳಿನಲ್ಲಿ ಅದಕ್ಕೆ "ತನಿಕ್ಕುಡಿತ್ತನಂ" ಅನ್ನುತ್ತಾರೆ, ಅತ್ತೆ ಮಾವನನ್ನು ಬಿಟ್ಟು ಬೇರೆ ಸಂಸಾರ ಹೂಡುವುದು. ಮದುವೆಗೆ ಮೊದಲೇ ಸೊಸೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಾಳೆ ಅಂದರೆ ಹೇಗಿರಬೇಡ! ಅವರು ಜಗಳ ಆಡಲಿಲ್ಲ ಪಾಪ, ಮಗನ ಹತ್ತಿರ ಮೆಲ್ಲಗೆ ಕೇಳಿದರು ಅಷ್ಟೇ.

"ಎರಡು ಮನೆಗೂ ಒಂದೇ ಅಂಗಳ" ಅಂತ ಮಾಡಿ ನೋಡಿದೆವು. ಹಿರಿಯರಿಗೆಲ್ಲ ಒಪ್ಪಿಗೆ. ತಂಗಿ ಮುಖ ಊದಿಸಿಕೊಂಡಳು. "ಇದು ನಮ್ಮಿಬ್ಬರ ಸಾಲಾ, ಇಲ್ಲ ಅಪ್ಪಂದಿರ ಸಾಲಾ?" ಅಂತ. ಅವಳು ಹೇಳಿದ್ದು ಸರಿ. ಮನೆಗಳು ಸೇರಿದವು, ಜೋಡಿ ಮಾಯವಾಯಿತು. ಎರಡೂ ಮನೆಗೆ ಹಿತವಾಗಲಿ ಅಂತ ಉಜ್ಜುತ್ತಾ ಹೋದರೆ ಕಡೆಗೆ ಪ್ರೀತಿಯೇ ಸವೆದು ಹೋಗುತ್ತದೆ, ಈ ಕೆಲಸದಲ್ಲಿ ಜಾಸ್ತಿ ಆಗುವ ತಪ್ಪು ಇದೇ.

ಆಗ ಹೊಳೆದದ್ದು "ಕೈ ಹಿಡಿ". ಕನ್ನಡದಲ್ಲಿ ಕೈ ಹಿಡಿಯುವುದು ಅಂದರೆ ಮದುವೆಯಾಗುವುದೂ ಹೌದು, ಸುಮ್ನೆ ಕೈ ಹಿಡಿಯುವುದೂ ಹೌದು. ತಮಿಳಿನಲ್ಲೂ ಹಾಗೇ, "ಕರಂ ಪಿಡಿ" ಅಂದರೆ ಎರಡೂ. ಹಿರಿಯರು ಓದಿದರೆ ಧಾರೆ ಕಾಣುತ್ತದೆ. ಆ ಇಬ್ಬರಿಗೆ ಏನು ಕಾಣುತ್ತದೋ ಅದು ಅವರಿಗೆ ಗೊತ್ತು. ಬಿಸಿಯೂ ಎರಡು ಭಾಷೆಯಲ್ಲಿ ಒಂದೇ. ಮನೆಯ ಲೆಕ್ಕವನ್ನು ತಂಗಿಯೇ ತಿರುಗಿಸಿದಳು, ಒಂದೇ ಮನೆ ಬೇಡ, ಎರಡೂ ಮನೆ ಇರಲಿ ಅಂತ. ಹೀಗೆ ನಿಂತಿತು:

"ಇಬ್ಬರ ಊರಿಗೂ ಒಂದೇ ಹೊಳೆ; ಕೈ ಹಿಡಿದ ಮೇಲೆ ಎರಡೂ ಮನೆ ಇಬ್ಬರಿಗೂ."

"ಇರುವರ್ ಊರುಕ್ಕುಂ ಒರೇ ಆರು, ಕರಂ ಪಿಡಿತ್ತಪಿನ್ ಇರಂಡು ವೀಡುಂ ಇರುವರುಕ್ಕುಂ."

ಚಿಕ್ಕಮ್ಮನಿಗೆ ಮಗಳು ತವರಿಗೆ ಬಂದು ಹೋಗುವುದನ್ನು ಬರೆದುಕೊಟ್ಟ ಹಾಗಾಯಿತು. ಹುಡುಗನ ಅಮ್ಮನಿಗೆ ಮಗ ಮನೆ ಬಿಡುವುದಿಲ್ಲ ಅನ್ನುವುದು ಸಿಕ್ಕಿತು.

ಒಂದು ಪತ್ರಿಕೆಯೋ, ಎರಡೋ

ದುಡ್ಡಿನ ವಿಷಯಕ್ಕೆ ಬಂದರೆ, ಎರಡು ಭಾಷೆಯೂ ಒಂದೇ ಪತ್ರಿಕೆಯಲ್ಲಿ ಇರಬೇಕು ಅಂದರೆ ಒಳಹಾಳೆ ಜಾಸ್ತಿ, ತೂಕ ಜಾಸ್ತಿ, ಪ್ರತಿ ಪತ್ರಿಕೆಯ ಖರ್ಚೂ ಜಾಸ್ತಿ. ಮೇಲಾಗಿ ಯಾವ ಭಾಷೆ ಎಡಗಡೆ ಅನ್ನುವ ಚರ್ಚೆ ಬೇರೆ. ಬೆಂಗಳೂರಿನಲ್ಲಿ ಒಂದೇ ಆರತಕ್ಷತೆ ಇಟ್ಟುಕೊಂಡು ಎರಡೂ ಕಡೆಯವರನ್ನು ಕರೆಯುವವರಿಗೆ ಇದು ಸರಿ. ಊರಲ್ಲಿ ಮದುವೆ ಮಾಡುವವರಿಗೆ ಹಳೇ ಪದ್ಧತಿಯೇ ಅಗ್ಗ. ಹುಡುಗಿ ಮನೆಯವರು ಇಲ್ಲಿ ಕನ್ನಡದಲ್ಲಿ ಮಾಡಿಸಲಿ, ಹುಡುಗನ ಮನೆಯವರು ಅಲ್ಲಿ ತಮಿಳಿನಲ್ಲಿ ಮಾಡಿಸಲಿ, ಮುಖಪುಟದಲ್ಲಿ ಆ ಸಾಲು ಮಾತ್ರ ಎರಡೂ ಲಿಪಿಯಲ್ಲಿ ಇರಲಿ. ನಾವು ಮಾಡಿದ್ದು ಇದನ್ನೇ. ಇನ್ನೂ ಕಡಿಮೆಯಲ್ಲಿ ಆಗಬೇಕು ಅಂದರೆ ಅಚ್ಚು ಪತ್ರಿಕೆ ಒಂದೇ ಭಾಷೆಯಲ್ಲಿ ಮಾಡಿಸಿ, ಎರಡು ಭಾಷೆಯದನ್ನು ಫೋನಿಗೆ ಕಳಿಸುವ ಚಿತ್ರಕ್ಕೆ ಬಿಡಿ. ಆ ಸಾಲಿಗೇ ಬಂಗಾರದ ಬಣ್ಣದ ಫಾಯಿಲ್ ಹಾಕಿಸುವ ಆಸೆ ಇದ್ದರೆ ಅಕ್ಷರ ದೊಡ್ಡದಿರಲಿ. "ಇಬ್ಬರ" ಅನ್ನುವಲ್ಲಿ ಕೆಳಗಿನ ಒತ್ತು ಸಣ್ಣ ಅಕ್ಷರದಲ್ಲಿ ಫಾಯಿಲ್ ತುಂಬಿ ಒಂದು ಮುದ್ದೆಯಾಗಿ ಕಾಣುತ್ತದೆ.

ಬಾಕಿ ಪಠ್ಯವನ್ನು ಪದಕ್ಕೆ ಪದ ತರಬೇಡಿ, ಅವರವರ ರೂಢಿ ಅವರವರಿಗೆ. ನಮ್ಮ ಚಿ.ರಾ. ಜಾಗದಲ್ಲಿ ಅವರು "ತಿರುವಳರ್‌ಚೆಲ್ವನ್" ಅನ್ನುತ್ತಾರೆ. ಮನೆಯ ಕೊನೇ ಮದುವೆ ಆದರೆ "ತಿರುನಿರೈಚೆಲ್ವನ್" ಅನ್ನುವ ರೂಢಿ ಬಹಳ ಮನೆಗಳಲ್ಲಿ ಇದೆ. ತಮ್ಮನೊಬ್ಬ ಮದುವೆಗಿರುವಾಗ ಇದನ್ನು ತಪ್ಪಿ ಹಾಕಿದರೆ ಅವನ ಕಥೆ ಮುಗಿದ ಹಾಗೆ! ಸಂವತ್ಸರದ ಹೆಸರನ್ನೂ ನೋಡಿಕೊಳ್ಳಿ. ನಮಗೆ ಯುಗಾದಿಗೆ ಹೊಸ ವರ್ಷ, ಅವರಿಗೆ ಏಪ್ರಿಲ್ 14ರ ಹೊತ್ತಿಗೆ. ನಡುವಿನ ದಿನಗಳಲ್ಲಿ ಮದುವೆ ಇದ್ದರೆ ಎರಡು ಪತ್ರಿಕೆಯಲ್ಲಿ ಎರಡು ಸಂವತ್ಸರ ಇರುತ್ತದೆ, ಅದು ತಪ್ಪಲ್ಲ.

ಪ್ರೂಫ್

ವಾಟ್ಸಾಪ್‌ನಲ್ಲಿ ನೀವು ಕಳಿಸುವುದು ಯೂನಿಕೋಡ್. ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ನುಡಿ ತಂತ್ರಾಂಶದ ಹಳೇ ಅಕ್ಷರಗಳಲ್ಲೇ ಕೆಲಸ ನಡ್ಕೊಂಡು ಹೋಗುತ್ತಿದೆ. ನೇರ ಅಂಟಿಸಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ ಅಂತ ಅವರು ಕೈಯಲ್ಲೇ ಮತ್ತೆ ಟೈಪ್ ಮಾಡುತ್ತಾರೆ. ಅಂದರೆ ನೀವು ಮೂರು ವಾರ ತಿದ್ದಿದ ಸಾಲನ್ನು ಯಾರೋ ಎರಡು ನಿಮಿಷದಲ್ಲಿ ಹೊಸದಾಗಿ ಬರೆದಿರುತ್ತಾರೆ. "ಹೊಳೆ"ಯ ಳ ಹೋಗಿ ಲ ಆದರೆ ಪತ್ರಿಕೆಯನ್ನೇ ಸುಡಬೇಕಾಗುತ್ತದೆ. ಆದ್ದರಿಂದ ಫೋನಿನ ಚಿತ್ರ ನೋಡಿ ಓಕೆ ಹೇಳಬೇಡಿ, ಒಂದು ಕಾಗದದ ಪ್ರತಿ ತರಿಸಿಕೊಳ್ಳಿ.

ತಮಿಳಿಗೆ ಇನ್ನೂ ಎಚ್ಚರ ಬೇಕು, ಯಾಕೆಂದರೆ ಇಲ್ಲಿ ಟೈಪ್ ಮಾಡುವವರಿಗೆ ಓದಲು ಬರುವುದಿಲ್ಲ. ಹೊಳೆ ಅನ್ನುವ "ಆರು" ಪದದಲ್ಲಿ ಇರುವುದು ಮಾಮೂಲಿ ರ ಅಲ್ಲ, ಹಳಗನ್ನಡದಲ್ಲಿ ನಮ್ಮಲ್ಲೂ ಇದ್ದ ಆ ಇನ್ನೊಂದು ಱ. ತಮಿಳು ಬರದವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಕೊಟ್ಟು, ಮುಟ್ಟಬೇಡಿ, ಹಾಗೇ ಕೂರಿಸಿ ಅನ್ನಿ. ಬಂದ ಪ್ರತಿಯನ್ನು ತಮಿಳು ಓದುವ ಒಬ್ಬರ ಕೈಲಿ ಗಟ್ಟಿಯಾಗಿ ಓದಿಸಿ.

ನಾವು ಹಾಗೆ ಮಾಡಿದ್ದಕ್ಕೆ ಉಳಿದುಕೊಂಡೆವು. ಮೊದಲ ಪ್ರತಿಯನ್ನು ಹುಡುಗನಿಗೆ ವಿಡಿಯೊ ಕಾಲ್‌ನಲ್ಲಿ ಹಿಡಿದು ತೋರಿಸಿದೆ. ಓದುತ್ತಾ ಓದುತ್ತಾ ಅವನು ಮಧ್ಯದಲ್ಲಿ ನಿಂತು ನಗಲು ಶುರು ಮಾಡಿದ. "ಕರಂ" ಅನ್ನುವಲ್ಲಿ ಯಾರೋ ಒಂದು ದೀರ್ಘ ಸೇರಿಸಿ "ಕಾರಂ" ಮಾಡಿದ್ದರು. ಕೈ ಹಿಡಿಯುವ ಬದಲು ಖಾರ ಹಿಡಿದಿತ್ತು. ದೊಡ್ಡಪ್ಪನಿಗೆ ಬಿಡಿಸಿ ಹೇಳಿದೆ. "ಅದ್ನೇ ಬುಡ್ಲಾ, ಮದ್ವೆ ಆದ್ಮೇಲೆ ಅದೇ ತಾನೆ" ಅಂದರು. ಚಿಕ್ಕಮ್ಮ ಒಳಗಿನಿಂದ ಕೆಮ್ಮಿದರು. ನಾನು ದೀರ್ಘಕ್ಕೆ ಕೆಂಪು ಸುತ್ತು ಹಾಕಿ ಪ್ರೆಸ್‌ಗೆ ವಾಪಸ್ ಕಳಿಸಿದೆ.